ತಾಂಡಾ ಶಾಲೆಯ ಮೊದಲ ವಾರ

ಹೊಸದಾಗಿ ನೇಮಕಗೊಂಡ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಅನೇಕರು ತಮ್ಮ ಮೊದಲ ಹುದ್ದೆಯನ್ನು ಬಸ್ಸು ನಿಲ್ಲುವ ಜಾಗದಿಂದ ಇನ್ನೂ ಒಂದಷ್ಟು ದೂರ ನಡೆಯಬೇಕಾದ ಊರುಗಳಲ್ಲಿ ವಹಿಸಿಕೊಳ್ಳುತ್ತಾರೆ. ತರಬೇತಿಯ ಕಾಲದಲ್ಲಿ ಅವರು ನಡೆಸಿದ ಅಭ್ಯಾಸ ಪಾಠಗಳು ಒಂದು ಕೊಠಡಿ, ಒಂದು ತರಗತಿ, ಒಂದು ಪಾಠ ಎಂಬ ಲೆಕ್ಕದಲ್ಲಿ ಸಿದ್ಧವಾದವು. ಹುದ್ದೆಯ ಶಾಲೆಯಲ್ಲಿ ಎದುರಾಗುವುದು ಒಂದೇ ಕೊಠಡಿಯಲ್ಲಿ ಕುಳಿತ ಮೂರು ತರಗತಿಗಳು, ಬೇರೆ ಬೇರೆ ವಯಸ್ಸಿನ ಮಕ್ಕಳು ಮತ್ತು ಹಲವು ಸಲ ಶಿಕ್ಷಕರಿಗೆ ಅರ್ಥವಾಗದ ಒಂದು ಮನೆಮಾತು. ಈ ಎರಡರ ನಡುವಿನ ಅಂತರವನ್ನು ನಿಯಮಗಳ ಪಟ್ಟಿಯಿಂದ ತುಂಬುವುದು ಕಷ್ಟ, ಏಕೆಂದರೆ ಯಾವ ಕೆಲಸವನ್ನು ಯಾವುದರ ನಂತರ ಮಾಡಬೇಕು ಎಂಬ ಕ್ರಮವೇ ಇಲ್ಲಿ ಮುಖ್ಯವಾಗಿದ್ದು, ಅಂಥ ಕ್ರಮವನ್ನು ದಿನಗಳ ಓಟದಲ್ಲಿ ಹೇಳುವ ಕಥೆಯ ರೂಪವೇ ಹೆಚ್ಚು ಚೆನ್ನಾಗಿ ಹಿಡಿದಿಡಬಲ್ಲದು. ಶಿಕ್ಷಕರಿಗಾಗಿ ಬರೆಯುವ ಕಥೆಯು ಆ ಕಾರಣದಿಂದಲೇ ಸಾಹಿತ್ಯದ ಸಣ್ಣಕಥೆಗಿಂತ ಬೇರೆಯಾದ ಹೊಣೆಯನ್ನು ಹೊರುತ್ತದೆ: ಪಾತ್ರದ ಮನಸ್ಸಿನಲ್ಲಿ ಏನು ನಡೆಯಿತೆಂಬುದಕ್ಕಿಂತ ಆಕೆ ಏನನ್ನು ಕಂಡಳು, ಕಂಡದ್ದರಿಂದ ಏನನ್ನು ನಿರ್ಧರಿಸಿದಳು ಎಂಬುದನ್ನು ಅದು ವಿವರವಾಗಿ ಹೇಳಬೇಕಾಗುತ್ತದೆ.

ಇಲ್ಲಿ ಪರಿಶೀಲಿಸುವ ಕಥೆಯ ಶಿಕ್ಷಕಿಯೂ ಆಕೆಯ ಶಾಲೆಯೂ ಕಲ್ಪಿತ. ಆದರೆ ಆಕೆ ಬಳಸುವ ಪದ್ಧತಿ, ಸಾಮಗ್ರಿ ಮತ್ತು ಎದುರಿಸುವ ತೊಡಕುಗಳು ಕರ್ನಾಟಕದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವಂಥವೇ. ಶಾಲೆ ಇರುವುದು ಕಲಬುರಗಿ ಜಿಲ್ಲೆಯ ಒಂದು ತಾಂಡಾದಲ್ಲಿ. ತಾಂಡಾ ಎಂದರೆ ಲಂಬಾಣಿ ಅಥವಾ ಬಂಜಾರ ಸಮುದಾಯದವರು ಮೂಲ ಗ್ರಾಮದಿಂದ ತುಸು ದೂರದಲ್ಲಿ ಕಟ್ಟಿಕೊಂಡ ವಸತಿ. ಅಲ್ಲಿನ ಮನೆಗಳಲ್ಲಿ ಆಡುವ ಭಾಷೆ ಗೋರ್ ಬೋಲಿ, ಅಂದರೆ ಲಂಬಾಣಿ. ಅದು ಇಂಡೋ-ಆರ್ಯನ್ ಕುಟುಂಬಕ್ಕೆ ಸೇರಿದ್ದು, ದ್ರಾವಿಡ ಕುಟುಂಬದ ಕನ್ನಡದೊಂದಿಗೆ ಅದಕ್ಕೆ ಬಹುಕಾಲದ ಒಡನಾಟವಿದೆಯೇ ಹೊರತು ರಕ್ತಸಂಬಂಧವಿಲ್ಲ. ತಾಯಿಯನ್ನು ಯಾಡಿ ಎಂದೂ ನೀರನ್ನು ಪಾಣಿ ಎಂದೂ ರೊಟ್ಟಿಯನ್ನು ಬಾಟಿ ಎಂದೂ ಕರೆಯುವ ಮಗು ಒಂದನೆಯ ತರಗತಿಗೆ ಬಂದು ಕುಳಿತಾಗ, ಅದಕ್ಕೆ ಕನ್ನಡ ಓದಲು ಕಲಿಯುವುದು ಮತ್ತು ಕನ್ನಡವನ್ನೇ ಕಲಿಯುವುದು ಎರಡೂ ಏಕಕಾಲದ ಕೆಲಸಗಳಾಗುತ್ತವೆ.

ಶಾಲೆಯಲ್ಲಿ 1ರಿಂದ 5ರವರೆಗಿನ ತರಗತಿಗಳಿದ್ದು, ದಾಖಲಾದ ಮಕ್ಕಳು 37 ಮಂದಿ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಬಂಧದ ಪ್ರಕಾರ 60ರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಲ್ಲುತ್ತಾರೆ. ಕಾಯ್ದೆ ಮಕ್ಕಳ ಸಂಖ್ಯೆಯನ್ನು ನೋಡುತ್ತದೆ, ತರಗತಿಗಳ ಸಂಖ್ಯೆಯನ್ನಲ್ಲ. ಆದ್ದರಿಂದ ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳುವುದು ಇಂಥ ಶಾಲೆಗಳಲ್ಲಿ ಸಹಜ ಸ್ಥಿತಿಯೇ ಆಗಿದೆ. ರೂಢಿಯಂತೆ ಪ್ರಭಾರ ಮುಖ್ಯ ಶಿಕ್ಷಕರು 4 ಮತ್ತು 5ನೆಯ ತರಗತಿಗಳನ್ನು ಇಟ್ಟುಕೊಂಡು, ಹೊಸಬಳಿಗೆ 1ರಿಂದ 3ರವರೆಗಿನ ನಲಿ-ಕಲಿ ಕೊಠಡಿಯನ್ನು ವಹಿಸುತ್ತಾರೆ. ಅನುಭವ ಹೆಚ್ಚು ಬೇಡುವ ಕೊಠಡಿ ಅನುಭವ ಕಡಿಮೆ ಇರುವವರ ಪಾಲಿಗೆ ಬರುವುದು ಈ ವ್ಯವಸ್ಥೆಯ ನಿಜವಾದ ಕೊರತೆ. ಓದಿನ ಬುನಾದಿ ಬೀಳುವುದು ಆ ಕೊಠಡಿಯಲ್ಲೇ ಆದ್ದರಿಂದ ಹಂಚಿಕೆಯ ಈ ರೂಢಿಯನ್ನು ಇಲಾಖೆಯೂ ಶಾಲೆಗಳೂ ಮರುಯೋಚಿಸುವುದು ಅಗತ್ಯ.

ನಲಿ-ಕಲಿಯ ಹಿನ್ನೆಲೆ ತಿಳಿಯದೆ ಈ ವಾರದ ಕಥೆ ಅರ್ಥವಾಗುವುದಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಈ ಪದ್ಧತಿಗೆ ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ಪ್ರೇರಣೆಯಾಗಿತ್ತು; ಅಲ್ಲಿಗೆ ಹೋಗಿ ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕನ್ನಡದ ಸಾಮಗ್ರಿಯನ್ನು ರೂಪಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ವ್ಯಾಪಿಸಿತು. ಪಠ್ಯಪುಸ್ತಕದ ಪಾಠಗಳ ಬದಲಿಗೆ ಇಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದಿದ್ದು, ಆ ಮೆಟ್ಟಿಲುಗಳ ಸಾಲನ್ನು ಕಲಿಕಾ ಏಣಿ ಎಂದೂ, ಕೆಲವು ಮೆಟ್ಟಿಲುಗಳು ಸೇರಿ ಆಗುವ ಘಟಕವನ್ನು ಮೈಲಿಗಲ್ಲು ಎಂದೂ ಕರೆಯುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಅಂದರೆ ಲೋಗೋ, ಮತ್ತು ಒಂದು ಸಂಖ್ಯೆ ಇರುತ್ತದೆ. ಓದಲು ಬಾರದ ಮಗುವೂ ಏಣಿಯ ಮೇಲಿನ ಚಿತ್ರವನ್ನು ನೋಡಿ, ಅದೇ ಚಿತ್ರವಿರುವ ಕಾರ್ಡನ್ನು ತಾನೇ ಹುಡುಕಿ ತರಬಹುದು.

ಕಾರ್ಡು ತಂದ ಮಗು ಕುಳಿತುಕೊಳ್ಳುವ ಗುಂಪಿಗೆ ತಟ್ಟೆ ಎಂದು ಹೆಸರು. ತಟ್ಟೆಗಳು ಐದು: ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದರಲ್ಲಿ ಶಿಕ್ಷಕರ ಭಾಗಶಃ ಬೆಂಬಲ, ಮೂರನೆಯದರಲ್ಲಿ ಸಹಪಾಠಿಗಳ ಪೂರ್ಣ ಬೆಂಬಲ, ನಾಲ್ಕನೆಯದರಲ್ಲಿ ಸಹಪಾಠಿಗಳ ಭಾಗಶಃ ಬೆಂಬಲ, ಐದನೆಯದರಲ್ಲಿ ಸ್ವಕಲಿಕೆ. ಹೊಸ ಶಿಕ್ಷಕರು ಎಡವುವ ಜಾಗ ಇದೇ ಆದ್ದರಿಂದ ಇದನ್ನು ತುಸು ಬಿಡಿಸಿ ಹೇಳಬೇಕು. ತಟ್ಟೆಯ ಸಂಖ್ಯೆ ಮಗುವಿನ ಮಟ್ಟವನ್ನು ಸೂಚಿಸುವುದಿಲ್ಲ, ಆ ಚಟುವಟಿಕೆಗೆ ಎಷ್ಟು ಸಹಾಯ ಬೇಕೆಂಬುದನ್ನು ಮಾತ್ರ ಸೂಚಿಸುತ್ತದೆ. ಒಂದೇ ಮಗು ಒಂದು ಮೈಲಿಗಲ್ಲನ್ನು ದಾಟುವಷ್ಟರಲ್ಲಿ ಹೊಸ ಅಕ್ಷರದ ಪರಿಚಯಕ್ಕೆ ಮೊದಲ ತಟ್ಟೆಯಲ್ಲೂ, ಅಕ್ಷರದ ಆಟಕ್ಕೆ ಗೆಳೆಯರ ಜೊತೆ ಮೂರನೆಯದರಲ್ಲೂ, ಬರೆಯುವ ಅಭ್ಯಾಸಕ್ಕೆ ಐದನೆಯದರಲ್ಲೂ ಕುಳಿತು ಎದ್ದಿರುತ್ತದೆ. ಒಂದನೆಯ ತರಗತಿಗೆ ಒಂದು ತಟ್ಟೆ, ಎರಡನೆಯದಕ್ಕೆ ಇನ್ನೊಂದು ಎಂದು ಮಕ್ಕಳನ್ನು ಕಾಯಂ ಆಗಿ ಕೂರಿಸಿದ ಕೊಠಡಿಯಲ್ಲಿ ಕಾರ್ಡುಗಳು ಇದ್ದರೂ ನಲಿ-ಕಲಿ ಇರುವುದಿಲ್ಲ. ಇದನ್ನು ಗುರುತಿಸುವುದು ಸುಲಭ: ಅರ್ಧ ಗಂಟೆಯಲ್ಲಿ ಒಂದು ಮಗುವೂ ಜಾಗ ಬದಲಿಸದಿದ್ದರೆ ತಟ್ಟೆಗಳು ತರಗತಿಗಳಾಗಿ ಹೆಪ್ಪುಗಟ್ಟಿವೆ ಎಂದೇ ಅರ್ಥ.

ಕಥೆಯ ಸೋಮವಾರ ಹೆಚ್ಚಿನಂಶ ಕಾಗದಪತ್ರಗಳಲ್ಲಿ ಕಳೆಯುತ್ತದೆ. ಕರ್ತವ್ಯಕ್ಕೆ ಹಾಜರಾದ ವರದಿಗೆ ಮುಖ್ಯ ಶಿಕ್ಷಕರ ಸಹಿ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸುವುದು, ಹಾಜರಿ ಪುಸ್ತಕವನ್ನು ವಹಿಸಿಕೊಳ್ಳುವುದು, ಸಾಮಗ್ರಿಯನ್ನು ಎಣಿಸಿಕೊಳ್ಳುವುದು ಇವೆಲ್ಲ ಮುಗಿಯುವಷ್ಟರಲ್ಲಿ ಅಡುಗೆಯಾಕೆ ಬಾಗಿಲಲ್ಲಿ ನಿಂತು, "ಅಕ್ಕೋರ, ಇವತ್ತ ಎಷ್ಟ್ ಮಕ್ಕಳು ಅದಾರ್ರಿ?" ಎಂದು ಕೇಳುತ್ತಾಳೆ. ಬಿಸಿಯೂಟಕ್ಕೆ ಕಿರಿಯ ಪ್ರಾಥಮಿಕ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಆಹಾರಧಾನ್ಯದ ಲೆಕ್ಕವಿರುವುದರಿಂದ ಅಕ್ಕಿ ಅಳೆಯುವ ಮುನ್ನ ಆಕೆಗೆ ಹಾಜರಿಯ ಸಂಖ್ಯೆ ಬೇಕು. ಶಿಕ್ಷಕಿ ತನ್ನ ಕೊಠಡಿಯ ಮಕ್ಕಳನ್ನು ಹೆಸರಿನಿಂದ ಕರೆದು ಎಣಿಸುತ್ತಾಳೆ: ದಾಖಲಾದವರು 23, ಎದುರಿಗಿರುವವರು 18. ಉಳಿದ ಐವರು ಎಲ್ಲಿ ಎಂಬ ಪ್ರಶ್ನೆಗೆ ಮುಖ್ಯ ಶಿಕ್ಷಕರಿಗಿಂತ ಮೊದಲು ಉತ್ತರ ಕೊಡುವವಳು ಅದೇ ತಾಂಡಾದ ಅಡುಗೆಯಾಕೆ. ಯಾವ ಮನೆಯವರು ಪುಣೆಯ ಕಟ್ಟಡದ ಕೆಲಸದಿಂದ ಇನ್ನೂ ಬಂದಿಲ್ಲ, ಯಾವ ಮಗು ಅಜ್ಜಿಯ ಊರಿನಲ್ಲಿದೆ ಎಂಬುದೆಲ್ಲ ಆಕೆಗೆ ಗೊತ್ತು. ಶಾಲೆಯೊಳಗೇ ಇರುವ ಈ ಅರಿವಿನ ಮೂಲವನ್ನು ಮೊದಲ ದಿನವೇ ಕಂಡುಕೊಂಡದ್ದು ಮುಂದಿನ ದಿನಗಳಲ್ಲಿ ಶಿಕ್ಷಕಿಯ ನೆರವಿಗೆ ಬರುತ್ತದೆ.

ಮಂಗಳವಾರ ಆಕೆ ಪಾಠ ಆರಂಭಿಸುತ್ತಾಳೆ ಮತ್ತು ಅದು ಕುಸಿಯುತ್ತದೆ. ಏಣಿಯನ್ನು ಗೋಡೆಗೆ ಹಾಕಿ, ಕಾರ್ಡುಗಳನ್ನು ಜೋಡಿಸಿ, ಎಲ್ಲರನ್ನೂ ಏಕಕಾಲಕ್ಕೆ ಕಾರ್ಡು ತರಲು ಹೇಳಿದ ಸ್ವಲ್ಪ ಹೊತ್ತಿನಲ್ಲೇ ಮಕ್ಕಳೆಲ್ಲ ಕಾರ್ಡು ಹಿಡಿದು ಆಕೆಯ ಸುತ್ತ ನೆರೆಯುತ್ತಾರೆ. ಒಬ್ಬನಿಗೆ ಅಕ್ಷರ ತೋರಿಸುವಾಗ ಮೂವರು ಸ್ಲೇಟು ಚಾಚುತ್ತಾರೆ, ಹಿಂದಿನವರು ಕಾಯಲಾರದೆ ಆಟಕ್ಕಿಳಿಯುತ್ತಾರೆ. ಗದ್ದಲವನ್ನು ಅಡಗಿಸಲು ಆಕೆ ಕಪ್ಪುಹಲಗೆಯ ಮೇಲೆ ವರ್ಣಮಾಲೆ ಬರೆದು ಒಟ್ಟಾಗಿ ಹೇಳಿಸಿದಾಗ ಕೊಠಡಿ ಒಂದೇ ಧ್ವನಿಯಾಗುತ್ತದೆ, ಹೊರಗಿನಿಂದ ಕೇಳುವವರಿಗೆ ಪಾಠ ಸೊಗಸಾಗಿ ನಡೆಯುತ್ತಿದೆ ಅನ್ನಿಸುತ್ತದೆ. ಆದರೆ ಸಾಮೂಹಿಕ ಉಚ್ಚಾರಣೆಯ ದೊಡ್ಡ ದೋಷ ಅದು ತಿಳಿದವರನ್ನೂ ತಿಳಿಯದವರನ್ನೂ ಒಂದೇ ದನಿಯಲ್ಲಿ ಮುಚ್ಚಿಬಿಡುತ್ತದೆ ಎಂಬುದು. ಸಾಲಿನ ನಡುವಿನ ಒಂದು ಅಕ್ಷರಕ್ಕೆ ಕೋಲು ಇಟ್ಟು ಒಬ್ಬರನ್ನೇ ಕೇಳಿದಾಗ, ಕೆಲವು ಮಕ್ಕಳು ಮೊದಲ ಅಕ್ಷರದಿಂದ ಹಾಡುತ್ತಾ ಬಂದು ಅಲ್ಲಿಗೆ ತಲುಪಲು ನೋಡುತ್ತಾರೆ. ಅವರಿಗೆ ಗೊತ್ತಿರುವುದು ಅಕ್ಷರವಲ್ಲ, ಅಕ್ಷರಗಳ ಸರದಿ.

ಸಂಜೆ ಮುಖ್ಯ ಶಿಕ್ಷಕರು ಹೇಳುವ ಮಾತು ಚಿಕ್ಕದು: "ಟೀಚರ್, ನೀವಿಲ್ಲದಂಗ ಹುಡುಗ್ರು ಅರ್ಧ ತಾಸು ಕುಂದರೂದು ಮೊದಲ ಕಲೀಲಿ. ಆಮ್ಯಾಲೆ ನೀವು ಕಲಸ್ರಿ." ಬಹುತರಗತಿ ಬೋಧನೆಯ ತಿರುಳು ಈ ಮಾತಿನಲ್ಲಿದೆ. ಪ್ರತಿ ಮಗುವೂ ಎಲ್ಲಿ ನಿಂತಿದೆ ಎಂದು ತಿಳಿಯದೆ ಏಣಿಯ ಮೇಲೆ ಅದನ್ನು ಸರಿಯಾದ ಮೆಟ್ಟಿಲಿಗೆ ಹಚ್ಚಲಾಗದು. ತಿಳಿಯಬೇಕಾದರೆ ಒಂದೊಂದು ಮಗುವಿನ ಜೊತೆ ಕೆಲವು ನಿಮಿಷ ಒಬ್ಬಳೇ ಕೂರಬೇಕು. ಹಾಗೆ ಕೂರಬೇಕಾದರೆ ಉಳಿದ 17 ಮಕ್ಕಳು ಆಕೆಯನ್ನು ಕರೆಯದೆ ಏನಾದರೂ ಅರ್ಥವುಳ್ಳ ಕೆಲಸದಲ್ಲಿ ಇರಬೇಕು. ಹೀಗಾಗಿ ಮೊದಲ ವಾರದಲ್ಲಿ ಕಟ್ಟಬೇಕಾದದ್ದು ಶಿಕ್ಷಕರ ತಟ್ಟೆಯನ್ನಲ್ಲ, ಶಿಕ್ಷಕರಿಲ್ಲದ ಮೂರು, ನಾಲ್ಕು ಮತ್ತು ಐದನೆಯ ತಟ್ಟೆಗಳನ್ನು.

ಬುಧವಾರ ಬೆಳಿಗ್ಗೆ ಆಕೆ ಹೊಸದೇನನ್ನೂ ಕಲಿಸುವುದಿಲ್ಲ. ಎಲ್ಲರಿಗೂ ಆಗಲೇ ಬರುವ ನಾಲ್ಕು ಕೆಲಸಗಳನ್ನು ಆರಿಸಿಕೊಳ್ಳುತ್ತಾಳೆ: ಹುಣಸೆಬೀಜ ಎಣಿಸಿ ಹತ್ತು ಹತ್ತಾಗಿ ಗುಡ್ಡೆ ಮಾಡುವುದು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬಿಡಿಸುವುದು, ಚಿತ್ರಕಾರ್ಡುಗಳನ್ನು ಜೋಡಿ ಹಚ್ಚುವುದು, ಹಳೆಯ ಕಥೆಪುಸ್ತಕಗಳ ಚಿತ್ರಗಳನ್ನು ನೋಡುವುದು. ಪ್ರತಿ ಕೆಲಸವನ್ನೂ ಒಂದು ಗುಂಪಿಗೆ ಮಾಡಿ ತೋರಿಸಿ, ಮುಗಿದ ಮೇಲೆ ಸಾಮಾನನ್ನು ಎಲ್ಲಿ ಇಡಬೇಕು, ಬಳಿಕ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅಭ್ಯಾಸ ಮಾಡಿಸುತ್ತಾಳೆ. ತಟ್ಟೆಗಳ ಕೊಠಡಿ ಕೆಡುವುದು ಕೆಲಸದ ನಡುವೆಯಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ. ಕಾರ್ಡು ಹಿಂದಕ್ಕಿಡುವ ಜಾಗ ಗೊತ್ತಿಲ್ಲದ ಮಗು ಅದನ್ನು ಕೈಯಲ್ಲಿ ಹಿಡಿದು ಶಿಕ್ಷಕರ ಬಳಿಗೇ ಬರುತ್ತದೆ. ಮೂರನೆಯ ತರಗತಿಯ ನಾಲ್ವರಿಗೆ ಒಂದೊಂದು ಗುಂಪಿನ ಸಾಮಾನಿನ ಹೊಣೆ ವಹಿಸಿ, ಯಾವುದೇ ತೊಡಕಿಗೆ ಮೊದಲು ಅವರನ್ನು ಕೇಳಬೇಕೆಂದು ಗೊತ್ತುಮಾಡುತ್ತಾಳೆ. ಮಾಡಿದ ಚಿತ್ರಗಳನ್ನು ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರಕ್ಕೆ ಮಕ್ಕಳೇ ಸಿಕ್ಕಿಸುತ್ತಾರೆ. ಅದು ಅಲಂಕಾರವಷ್ಟೇ ಅಲ್ಲ, ಕೆಲಸ ಮುಗಿಯಿತೆಂದು ಶಿಕ್ಷಕರಿಗೆ ಹೇಳಲು ಓಡಿಬರಬೇಕಾದ ಅಗತ್ಯವನ್ನೂ ಅದು ತಪ್ಪಿಸುತ್ತದೆ.

ಮಧ್ಯಾಹ್ನದ ಊಟದ ನಂತರ ಆಕೆ ಸ್ವಲ್ಪ ಹೊತ್ತು ಬೇಕೆಂದೇ ಬಾಗಿಲ ಬಳಿ ಸುಮ್ಮನೆ ಕೂರುತ್ತಾಳೆ. ಮೊದಲ ಹತ್ತು ನಿಮಿಷದಲ್ಲಿ ಆರು ಮಕ್ಕಳು ಎದ್ದು ಬಂದರೆ, ಮುಂದಿನ ಹತ್ತು ನಿಮಿಷದಲ್ಲಿ ಬರುವವರು ಇಬ್ಬರು. ಗುರುವಾರದ ಕೆಲಸಕ್ಕೆ ಅಷ್ಟು ಸಾಕು.

ಮಕ್ಕಳ ಓದನ್ನು ಒಬ್ಬೊಬ್ಬರದಾಗಿ ಕೇಳಿಸಿಕೊಳ್ಳುವ ಕೆಲಸಕ್ಕೆ ಆಕೆ ಲೆಕ್ಕ ಹಾಕುವುದು ಹೀಗೆ: ಮಗುವಿಗೆ 8 ನಿಮಿಷದಂತೆ 18 ಮಕ್ಕಳಿಗೆ 144 ನಿಮಿಷ. ಭಾಷೆಗೆ ದಿನಕ್ಕೆ 80 ನಿಮಿಷದ ಅವಧಿಯಿದ್ದರೆ ಎರಡು ದಿನದಲ್ಲಿ ಮುಗಿಯುತ್ತದೆ, ಗುಂಪುಗಳ ಕಡೆ ಒಮ್ಮೊಮ್ಮೆ ನೋಡಲು 16 ನಿಮಿಷ ಉಳಿಯುತ್ತದೆ. ಅಳತೆಗೋಲಾಗಿ ಆಕೆ ತೆಗೆದುಕೊಳ್ಳುವುದು ಪ್ರಥಮ್ ಸಂಸ್ಥೆಯು 2005ರಿಂದ ತನ್ನ ಅಸರ್ ಸಮೀಕ್ಷೆಗಳಲ್ಲಿ ಬಳಸುತ್ತಿರುವ ಸರಳ ಮಾದರಿಯನ್ನು. ಅದರಲ್ಲಿ ಮಗು ಆರಂಭಿಕ, ಅಕ್ಷರ, ಪದ, ಚಿಕ್ಕ ವಾಕ್ಯಗಳ ಗದ್ಯ, ಕಥೆ ಎಂಬ ಐದು ಹಂತಗಳಲ್ಲಿ ಯಾವುದರವರೆಗೆ ಸರಾಗವಾಗಿ ಓದಬಲ್ಲದು ಎಂದಷ್ಟೇ ನೋಡಲಾಗುತ್ತದೆ. ಒಂದೇ ಹಾಳೆ ಸಾಕಾಗುವ ಈ ಪರೀಕ್ಷೆಗೆ ಆಕೆ ತನ್ನದೇ ಆದ ಒಂದು ಭಾಗವನ್ನು ಸೇರಿಸುತ್ತಾಳೆ, ಮತ್ತು ಆ ಭಾಗವೇ ಮುಂದೆ ಹೆಚ್ಚಿನದನ್ನು ತಿಳಿಸಿಕೊಡುತ್ತದೆ.

ನಲಿ-ಕಲಿಯಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪಿನಲ್ಲಿ ಬರುವವು ರ, ಗ, ಸ, ದ, ಅ. ಬರೆಯಲು ಸುಲಭವಾದ ಈ ಐದು ಅಕ್ಷರಗಳಿಂದ ಕಾಗುಣಿತವಾಗಲಿ ಒತ್ತಕ್ಷರವಾಗಲಿ ಇಲ್ಲದೆಯೇ ಸರ, ದರ, ಅರಸ, ಅಗಸ, ದಸರ, ಗರಗಸ ಮೊದಲಾದ ಪದಗಳನ್ನು ಕಟ್ಟಬಹುದು, ಹೀಗಾಗಿ ಮಗು ಐದನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಓದುಗನಾಗಿರುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗುವಿಗೆ ಸ್ವರಗಳೆಲ್ಲ ಮುಗಿದರೂ ಓದಲು ಹೆಚ್ಚೇನೂ ಸಿಗುವುದಿಲ್ಲ. ಶಿಕ್ಷಕಿ ಈ ಐದರಿಂದಲೇ ಎರಡು ಬಗೆಯ ಚೀಟಿಗಳನ್ನು ಮಾಡುತ್ತಾಳೆ: ಒಂದರಲ್ಲಿ ಅರಸ, ಗರಗಸದಂಥ ನಿಜವಾದ ಪದಗಳು, ಇನ್ನೊಂದರಲ್ಲಿ ಸಗದ, ರದಗ ಎಂಬಂಥ ಅರ್ಥವಿಲ್ಲದ ಜೋಡಣೆಗಳು. ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡಿರಲು ಸಾಧ್ಯವಿಲ್ಲ, ಆದ್ದರಿಂದ ಅದನ್ನು ಓದಿದ ಮಗುವಿಗೆ ಅಕ್ಷರ ನಿಜವಾಗಿಯೂ ಗೊತ್ತು. ನಿಜವಾದ ಪದವನ್ನು ಓದಿದ ಮೇಲೆ ಹಾಗೆಂದರೇನೆಂದು ಹೇಳಲು ಅಥವಾ ಚಿತ್ರ ತೋರಿಸಲು ಕೇಳಿದರೆ, ಆ ಪದ ಮಗುವಿನ ಮಾತಿನಲ್ಲಿದೆಯೇ ಎಂಬುದೂ ತಿಳಿಯುತ್ತದೆ.

ಶುಕ್ರವಾರ ಭಾಷೆಯ ಅವಧಿ ಮುಗಿಯುವ ಹೊತ್ತಿಗೆ ಆಕೆಯ ಹಾಳೆಯಲ್ಲಿ ಮೂಡಿದ ಚಿತ್ರ ತರಗತಿಗಳ ಗಡಿಯನ್ನು ಗೌರವಿಸುವುದಿಲ್ಲ. ಮೂರನೆಯ ತರಗತಿಯ ಏಳು ಮಕ್ಕಳಲ್ಲಿ ಇಬ್ಬರು ಕಥೆ ಓದುತ್ತಾರೆ, ಇಬ್ಬರು ಪದಗಳವರೆಗೆ ಬರುತ್ತಾರೆ, ಇಬ್ಬರಿಗೆ ಬಿಡಿ ಅಕ್ಷರಗಳಷ್ಟೇ ಗೊತ್ತು, ಒಬ್ಬನಿಗೆ ಅದೂ ಇಲ್ಲ. ಎರಡನೆಯ ತರಗತಿಯ ಆರು ಮಂದಿಯಲ್ಲಿ ಒಬ್ಬಳು ಚಿಕ್ಕ ಗದ್ಯವನ್ನು ಓದಿ ಮೂರನೆಯ ತರಗತಿಯ ಐವರಿಗಿಂತ ಮುಂದಿದ್ದಾಳೆ. ಇಬ್ಬರು ಪದ, ಇಬ್ಬರು ಅಕ್ಷರ, ಒಬ್ಬನು ಆರಂಭಿಕ ಹಂತ. ಒಂದನೆಯ ತರಗತಿಯ ಐವರಲ್ಲಿ ಒಬ್ಬಳಿಗೆ ಅಂಗನವಾಡಿಯಲ್ಲಿ ಕಂಡ ಕೆಲವು ಅಕ್ಷರಗಳ ನೆನಪಿದೆ. ಒಟ್ಟಿನಲ್ಲಿ ಅಕ್ಷರದ ಹಂತ ದಾಟದ ಹನ್ನೊಂದು ಮಕ್ಕಳು ಮೂರೂ ತರಗತಿಗಳಲ್ಲಿ ಹರಡಿದ್ದಾರೆ. ಮೂರನೆಯ ತರಗತಿಗೆ ಮೂರನೆಯ ತರಗತಿಯ ಪಾಠ ಎಂದು ಹೊರಟಿದ್ದರೆ ಏಳರಲ್ಲಿ ಮೂವರಿಗೆ ಅದು ಕಣ್ಣೆದುರಿನ ಗೋಡೆಯಾಗುತ್ತಿತ್ತು.

ಈ ಎಣಿಕೆಯೊಳಗೆ ಇಬ್ಬರು ಮಕ್ಕಳ ಪ್ರಸಂಗವನ್ನು ಹತ್ತಿರದಿಂದ ನೋಡುವುದು ಉಚಿತ. ಮೂರನೆಯ ತರಗತಿಯ ಹುಡುಗನೊಬ್ಬ ಅಭ್ಯಾಸ ಪುಸ್ತಕವನ್ನು ತೆರೆದು ಬೆರಳಿಟ್ಟು ನಿರರ್ಗಳವಾಗಿ ಓದುತ್ತಾನೆ. ಶಿಕ್ಷಕಿ ಪುಟವನ್ನು ಮುಚ್ಚಿ ಕೇವಲ ಎರಡನೆಯ ಸಾಲಿನ ನಡುವಿನ ಪದವೊಂದನ್ನು ಕಾಣುವಂತೆ ಮಾಡಿದಾಗ ಆತ ಸುಮ್ಮನಾಗುತ್ತಾನೆ. ಓದುವಾಗ ಬೆರಳು ಒಂದು ಪದದ ಮೇಲಿದ್ದು ಬಾಯಿ ಇನ್ನೊಂದನ್ನು ಹೇಳುತ್ತಿತ್ತೆಂಬುದು ಆಗ ನೆನಪಾಗುತ್ತದೆ. ಸಗದ ಎಂಬ ಚೀಟಿಯನ್ನು ಕಂಡು ಆತ ಸರ ಎನ್ನುತ್ತಾನೆ, ಅಂದರೆ ಮೊದಲ ಅಕ್ಷರವನ್ನು ಗುರುತಿಸಿ ಉಳಿದುದನ್ನು ಊಹಿಸುತ್ತಾನೆ. ಆತನ ಕನ್ನಡದ ಮಾತು ಚೆನ್ನಾಗಿದೆ, ನೆನಪಿನ ಶಕ್ತಿ ಇನ್ನೂ ಚೆನ್ನಾಗಿದೆ. ಅದೇ ನೆನಪು ಎರಡು ವರ್ಷ ಆತನ ಓದಿನ ಕೊರತೆಯನ್ನು ಎಲ್ಲರಿಂದ ಮರೆಮಾಡಿದೆ.

ಎರಡನೆಯ ತರಗತಿಯ ಹುಡುಗಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಮೊದಲ ದಿನಗಳಲ್ಲಿ ಮಾತನಾಡದ ಆಕೆಯನ್ನು ಮಂಗಳವಾರ ಶಿಕ್ಷಕಿ ಏನೂ ಬಾರದವಳೆಂದು ಭಾವಿಸಿದ್ದಳು. ಚೀಟಿಗಳನ್ನು ಮುಂದಿಟ್ಟಾಗ ಹುಡುಗಿ ಸಗದ, ರದಗ ಎರಡನ್ನೂ ತಪ್ಪಿಲ್ಲದೆ, ಮೆಲ್ಲನೆ ಓದುತ್ತಾಳೆ. ಅರಸ ಎಂಬುದನ್ನೂ ಓದುತ್ತಾಳೆ, ಆದರೆ ಹಾಗೆಂದರೇನು ಎಂಬುದಕ್ಕೆ ಉತ್ತರವಿಲ್ಲ. ಸರ ಎಂಬುದನ್ನು ಒಮ್ಮೆ ಸರ್ ಎಂದು ಓದಿ ಮುಖ್ಯ ಶಿಕ್ಷಕರ ಕಡೆ ಕೈ ತೋರಿಸುತ್ತಾಳೆ. ಮನೆಯನ್ನು ಘರ್ ಎನ್ನುವ ಲಂಬಾಣಿಯಲ್ಲಿ ಪದಗಳು ವ್ಯಂಜನದಲ್ಲಿ ನಿಲ್ಲುವುದು ಸಾಮಾನ್ಯ, ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಕೊನೆಗೊಳ್ಳುತ್ತವೆ. ಹೀಗಾಗಿ ಕೊನೆಯ ಸ್ವರವನ್ನು ನುಂಗಿ ಓದುವುದು ಆಕೆಯ ಅಜ್ಞಾನವಲ್ಲ, ಮನೆಮಾತಿನ ನಡೆಯನ್ನು ಹೊಸ ಭಾಷೆಗೆ ಅನ್ವಯಿಸುವ ಬುದ್ಧಿವಂತಿಕೆ. ಆಕೆಗೆ ಬೇಕಾದದ್ದು ಅಕ್ಷರದ ಮರುಪಾಠವಲ್ಲ, ಕನ್ನಡದ ಮಾತು. ಹುಡುಗನಿಗೆ ಬೇಕಾದದ್ದು ಮಾತಲ್ಲ, ಅಕ್ಷರ. ಇಬ್ಬರನ್ನೂ ಹಿಂದುಳಿದವರ ಗುಂಪು ಎಂದು ಒಂದೆಡೆ ಕೂರಿಸಿ ವರ್ಣಮಾಲೆ ತಿದ್ದಿಸಿದ್ದರೆ ಹುಡುಗಿಯ ಪಾಲಿಗೆ ಒಂದು ವರ್ಷ ವ್ಯರ್ಥವಾಗುತ್ತಿತ್ತು.

ಭಾಷೆಯ ಕೊರತೆಗೆ ಆಕೆ ಕಂಡುಕೊಳ್ಳುವ ಉಪಾಯಕ್ಕೆ ಹೊರಗಿನ ನೆರವು ಬೇಕಿಲ್ಲ. ಗುರುವಾರ ಊಟವಾದ ಮೇಲೆ ಅಡುಗೆಯಾಕೆಯನ್ನು ಕೊಠಡಿಗೆ ಕರೆದು, ಒಂದು ದೊಡ್ಡ ಚಿತ್ರವನ್ನು ತೋರಿಸಿ ಅದರಲ್ಲಿ ಕಾಣುವುದನ್ನು ಮಕ್ಕಳೊಂದಿಗೆ ಲಂಬಾಣಿಯಲ್ಲಿ ಮಾತನಾಡಲು ಕೇಳಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಬಾಯಿ ಬಿಡದ ಹುಡುಗಿ ಬಾವಿಯ ಬಳಿ ನಿಂತ ಹೆಂಗಸನ್ನು ತೋರಿಸಿ ಒಂದೇ ಉಸಿರಿನಲ್ಲಿ ನಾಲ್ಕಾರು ಮಾತು ಹೇಳುತ್ತಾಳೆ. ಹೇಳಿದ್ದನ್ನು ಅಡುಗೆಯಾಕೆ ಕನ್ನಡಕ್ಕೆ ತರುತ್ತಾಳೆ, ಶಿಕ್ಷಕಿ ಅದನ್ನು ಚಿಕ್ಕ ವಾಕ್ಯಗಳಾಗಿ ಹಲಗೆಯ ಮೇಲೆ ಬರೆದು, ಚಿತ್ರವನ್ನು ಮುಟ್ಟಿ ತೋರಿಸುತ್ತಾ ಓದುತ್ತಾಳೆ. ಮಕ್ಕಳು ತಾವು ಹೇಳಿದ ವಿಷಯವನ್ನೇ ಕನ್ನಡದಲ್ಲಿ ಕೇಳುವುದರಿಂದ ಅರ್ಥ ಮೊದಲೇ ಕೈಯಲ್ಲಿರುತ್ತದೆ, ಪದವಷ್ಟೇ ಹೊಸದು. ಪಾಣಿ ಮತ್ತು ನೀರು, ಬಾಟಿ ಮತ್ತು ರೊಟ್ಟಿ ಎಂದು ಜೋಡಿಗಳನ್ನು ಚಿತ್ರದೊಂದಿಗೆ ಗೋಡೆಗೆ ಹಾಕುವಾಗ ಲಂಬಾಣಿ ಪದವನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಾಳೆ. ತನ್ನ ಮನೆಯ ಮಾತನ್ನೂ ಈ ಅಕ್ಷರಗಳಲ್ಲಿ ಬರೆಯಬಹುದೆಂದು ಕಂಡ ಮಗುವಿಗೆ ಲಿಪಿ ಪರಕೀಯವಾಗಿ ಉಳಿಯುವುದಿಲ್ಲ. ಈ ಉಪಾಯಕ್ಕೆ ಮಿತಿಯಿದೆ. ಅಡುಗೆಯಾಕೆಗೆ ಸಿಗುವುದು ದಿನಕ್ಕೆ ಹದಿನೈದು ನಿಮಿಷ, ಅದೂ ಪಾತ್ರೆ ತೊಳೆಯುವ ಮುನ್ನ. ಐದನೆಯ ತರಗತಿಯ ಹುಡುಗಿಯನ್ನು ದುಭಾಷಿಯಾಗಿ ಕರೆಸಿಕೊಳ್ಳಬಹುದಾದರೂ ಆಕೆಯ ಪಾಠದ ಹೊತ್ತನ್ನು ಪ್ರತಿದಿನ ಕಸಿಯುವುದು ನ್ಯಾಯವಲ್ಲ. ಆದ್ದರಿಂದ ವಾರದ ಕೊನೆಗೆ ಶಿಕ್ಷಕಿ ತಾನೇ ಸುಮಾರು 40 ಲಂಬಾಣಿ ಪದಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಿರುತ್ತಾಳೆ, ಅವುಗಳಲ್ಲಿ ಹೆಚ್ಚಿನವು ಮಕ್ಕಳು ದಿನವೂ ಆಡುವ ಕ್ರಿಯಾಪದಗಳು ಮತ್ತು ಊಟದ ಮಾತುಗಳು.

ಶುಕ್ರವಾರ ಮಧ್ಯಾಹ್ನ ಆಕೆ ಪ್ರಗತಿ ನೋಟವನ್ನು ಹೊಸದಾಗಿ ತುಂಬುತ್ತಾಳೆ. ಪ್ರಗತಿ ನೋಟ ಎಂದರೆ ಪ್ರತಿ ಮಗುವಿನ ಹೆಸರಿನ ಎದುರು ಅದು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸುವ ದಾಖಲೆ. ಹಳೆಯ ಹಾಳೆಯಲ್ಲಿ ಮೂರನೆಯ ತರಗತಿಯ ಎಲ್ಲರೂ ಒಂದೇ ಸಾಲಿನಲ್ಲಿ ಒಂದೇ ಮೈಲಿಗಲ್ಲನ್ನು ದಾಟಿದಂತೆ ಗುರುತುಗಳಿವೆ, ಮತ್ತು ಅದೇ ಅದರ ದೋಷವನ್ನು ಹೇಳುತ್ತದೆ: ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಸಾಗುವ ಪದ್ಧತಿಯಲ್ಲಿ ಎಲ್ಲರ ಗುರುತೂ ಒಂದೇ ಗೆರೆಯಲ್ಲಿದ್ದರೆ ಅದನ್ನು ಮಕ್ಕಳನ್ನು ಕೇಳಿ ತುಂಬಿಲ್ಲ. ಆಕೆ ಬಾಯಿಪಾಠದ ಹುಡುಗನನ್ನು ಮೊದಲ ಅಕ್ಷರ ಗುಂಪಿನ ಮೈಲಿಗಲ್ಲಿಗೆ ತರುತ್ತಾಳೆ. ಚಿಕ್ಕವರ ಕಾರ್ಡು ತನ್ನ ಕೈಗೆ ಬಂದುದಕ್ಕೆ ಆತ ಮುದುಡುವುದು ಸಹಜ. ಆದ್ದರಿಂದ ಆತನ ಗಟ್ಟಿ ಮಾತನ್ನು ಬಳಸಿಕೊಂಡು, ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಮೂರನೆಯ ತಟ್ಟೆಯಲ್ಲಿ ಆತನಿಗೆ ಒಪ್ಪಿಸುತ್ತಾಳೆ, ಕೇಳುವವರ ಸಾಲಿನಲ್ಲಿ ಮೌನದ ಹುಡುಗಿಯನ್ನು ಕೂರಿಸುತ್ತಾಳೆ. ಅದೇ ತಟ್ಟೆಯಲ್ಲಿ ಚೀಟಿ ಓದುವ ಆಟ ಬಂದಾಗ ಓದಿಸುವವಳು ಆ ಹುಡುಗಿ. ಸಹಪಾಠಿ ಬೆಂಬಲ ಎಂಬ ಮಾತು ಜಾಣ ಮಗು ದಡ್ಡ ಮಗುವಿಗೆ ಕಲಿಸುವುದೆಂದು ಹಲವೆಡೆ ಆಚರಣೆಗೆ ಬಂದಿದೆ. ಇಬ್ಬರಲ್ಲೂ ಒಂದೊಂದು ಬಲ ಇದೆಯೆಂದು ತಿಳಿದು ಜೋಡಿ ಮಾಡಿದಾಗ ಮಾತ್ರ ಆ ತಟ್ಟೆ ತನ್ನ ಹೆಸರಿಗೆ ತಕ್ಕಂತೆ ನಡೆಯುತ್ತದೆ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ ಆಕೆ ಅಡುಗೆಯಾಕೆಯ ಜೊತೆಯಲ್ಲಿ ಬಾರದ ಐವರ ಮನೆಗಳಿಗೆ ಹೋಗುತ್ತಾಳೆ. ಎರಡು ಮನೆಗೆ ಬೀಗ. ಒಂದರಲ್ಲಿ ಅಜ್ಜಿ ಇದ್ದಾಳೆ, ಮಗ ಸೊಸೆ ಮೊಮ್ಮಗನೊಂದಿಗೆ ಮುಂದಿನ ವಾರ ಬರುವರೆನ್ನುತ್ತಾಳೆ. ಇನ್ನೊಂದರಲ್ಲಿ ತಂಗಿಯನ್ನು ನೋಡಿಕೊಳ್ಳಲು ಹುಡುಗಿ ಉಳಿದಿದ್ದಾಳೆ. ಐದನೆಯ ಮಗು ಬೇರೆ ಊರಿನ ಶಾಲೆಗೆ ಸೇರಿದೆ, ಹೆಸರು ಮಾತ್ರ ಇಲ್ಲಿ ಉಳಿದಿದೆ. ತಂಗಿಯ ಕಾರಣಕ್ಕೆ ಉಳಿದ ಹುಡುಗಿಯ ತಾಯಿಗೆ ಅಂಗನವಾಡಿಯ ವಿಷಯ ಹೇಳಬೇಕಾದವಳು ಶಿಕ್ಷಕಿಯಲ್ಲ, ಅಡುಗೆಯಾಕೆಯೇ. ಯಾಡಿಯೊಬ್ಬಳು ಇನ್ನೊಬ್ಬ ಯಾಡಿಗೆ ತನ್ನ ಭಾಷೆಯಲ್ಲಿ ಹೇಳಿದ ಮಾತಿಗೆ ಇರುವ ತೂಕ ಹೊಸಬಳ ಬೇಡಿಕೆಗೆ ಇರುವುದಿಲ್ಲ.

ವಲಸೆ ಹೋಗುವ ಕುಟುಂಬಗಳ ಮಕ್ಕಳ ವಿಷಯದಲ್ಲಿ ಏಣಿಯ ಪದ್ಧತಿಗೆ ಒಂದು ದೊಡ್ಡ ಅನುಕೂಲವಿದೆ: ಮಗು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸಬಹುದು, ತರಗತಿಯ ಪಾಠ ಎಷ್ಟು ಮುಂದೆ ಹೋಗಿದೆ ಎಂಬುದು ಅದಕ್ಕೆ ಅಡ್ಡಿಯಾಗುವುದಿಲ್ಲ. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಟು ಬೇಸಿಗೆಯಲ್ಲಿ ಮರಳುವ ಮನೆಗಳ ಮಕ್ಕಳಿಗೆ ಇದಕ್ಕಿಂತ ಹೊಂದುವ ಏರ್ಪಾಡು ಸಾಂಪ್ರದಾಯಿಕ ಪಾಠದಲ್ಲಿ ಇಲ್ಲ. ಆದರೆ ಬಿಟ್ಟುಹೋದ ಮೆಟ್ಟಿಲು ಯಾವುದೆಂದು ಬರೆದಿಟ್ಟಿದ್ದರೆ ಮಾತ್ರ ಆ ಅನುಕೂಲ ಅನುಕೂಲವಾಗುತ್ತದೆ, ಮತ್ತು ಈ ಶಾಲೆಯ ಹಳೆಯ ಹಾಳೆ ಅದನ್ನು ಹೇಳುವುದಿಲ್ಲ. ಶಿಕ್ಷಕಿ ಬೇರೆ ಶಾಲೆಗೆ ಸೇರಿದ ಮಗುವಿನ ಹೆಸರಿನ ವಿಷಯವನ್ನು ಮುಖ್ಯ ಶಿಕ್ಷಕರಿಗೆ ತಿಳಿಸಲು ಗುರುತು ಮಾಡಿಕೊಳ್ಳುತ್ತಾಳೆ. ಉಳಿದ ನಾಲ್ವರ ಹೆಸರಿನ ಎದುರು ಮೆಟ್ಟಿಲಿನ ಜಾಗವನ್ನು ಖಾಲಿ ಬಿಟ್ಟು, ಅವರು ಬಂದ ದಿನವೇ 8 ನಿಮಿಷ ಕುಳಿತು ಕೇಳಬೇಕೆಂದು ಪಕ್ಕದಲ್ಲಿ ಬರೆಯುತ್ತಾಳೆ. ಮುಂದಿನ ಸೋಮವಾರದ ಮೊದಲ ತಟ್ಟೆಗೆ ಆಕೆ ಆರಿಸಿಟ್ಟುಕೊಂಡಿರುವುದು ಆರೇ ಮಕ್ಕಳನ್ನು, ಒಂದೇ ಅಕ್ಷರವನ್ನು.